10 ತಿಂಗಳ ಮಗಳು: ತಾಯಿ ಕಾರ್ಡ್‌ನಲ್ಲಿ ಹಸಿರು, ಆಸ್ಪತ್ರೆ ಚಾರ್ಟ್‌ನಲ್ಲಿ ಇಳಿಕೆ. ಯಾವುದನ್ನು ನಂಬಬೇಕು?

ಪುಟ್ಟಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಅಂಗನವಾಡಿ ಟೀಚರ್ ಮಗಳ ತಾಯಿ ಕಾರ್ಡ್ ನೋಡಿ "ಹಸಿರಲ್ಲೇ ಇದ್ದಾಳೆ, ಚಿಂತೆ ಬೇಡ" ಅಂದರು. ಆಸ್ಪತ್ರೆ ಫೈಲಿನ ಚಾರ್ಟ್‌ನಲ್ಲಿ 3, 15, 50, 85, 97 ಅಂತ ಐದು ಗೆರೆಗಳಿವೆ, ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಎಷ್ಟು ಮಂದಿ ಆ ಗೆರೆಗಿಂತ ಕೆಳಗಿರ್ತಾರೆ ಅಂತ. ಮೊದಲು 50ರ ಗೆರೆ ಮೇಲಿದ್ದ ಚುಕ್ಕಿ ಈಗ 3 ಮತ್ತು 15ರ ನಡುವೆ ಬಿದ್ದಿದೆ. ಮಗು ಆಟ ಆಡುತ್ತಾಳೆ, ತೆವಳುತ್ತಾಳೆ, ಜ್ವರ ಇಲ್ಲ. ನಾನು ಹೆದರಬೇಕಾ?

ಲೆಸ್ಟರ್ ಕನ್ನಡಿಗ:
ಇಲ್ಲಿ ಬ್ರಿಟನ್ನಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಹೀಗೆ. ಹುಟ್ಟಿದ ತೂಕ ಸಾಮಾನ್ಯವಾಗಿದ್ದರೆ, ಎರಡು ಗೆರೆಗಳ ನಡುವಿನ ಜಾಗವನ್ನು ಒಂದು ಅಂತ ಲೆಕ್ಕ ಹಾಕಿ, ಅಂಥ ಎರಡು ಜಾಗದಷ್ಟು ಕೆಳಗೆ ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು. ನಿಮ್ಮದು 50ರಿಂದ 15 ದಾಟಿದೆ ಅಷ್ಟೆ, ಎರಡು ಜಾಗ ಪೂರ್ತಿ ಆಗಿಲ್ಲ. ಇನ್ನೆರಡು ತಿಂಗಳು ಕಾಯಬಹುದು ಅನ್ಸುತ್ತೆ.

ಹಾಸನ ಸೌಮ್ಯ:
ನನ್ನ ಮಗನೂ ಹೀಗೇ ಇಳಿದಿದ್ದ ಅಕ್ಕ. ಹುಟ್ಟಿದಾಗ 3.9 ಕೆಜಿ, ಆರು ತಿಂಗಳಿಗೆ 50ರ ಗೆರೆಗೆ ಬಂದ. ಆಮೇಲೆ ಅಲ್ಲೇ ನಿಂತ. ಈಗ ಶಾಲೆಗೆ ಹೋಗ್ತಾನೆ, ಏನೂ ಆಗಿಲ್ಲ. ಸುಮ್ನೆ ಟೆನ್ಷನ್ ತಗೋಬೇಡಿ.

ಶಿರಸಿ ಡಾಕ್ಟರ್:
ಗೆರೆ ಎಣಿಸುವ ಮುಂಚೆ ನನಗೆ ಅಂಕಿ ಬೇಕು. ಹುಟ್ಟಿದಾಗಿನಿಂದ ಇಲ್ಲಿವರೆಗಿನ ತೂಕ, ಉದ್ದ, ಪ್ರತಿ ಸಲದ ವಯಸ್ಸು ಹಾಕಿ. ಯಾವ ತಕ್ಕಡಿ, ಬಟ್ಟೆ ಇತ್ತಾ ಇರಲಿಲ್ವಾ ಅದನ್ನೂ ಹೇಳಿ. ಚಾರ್ಟ್ ಗುಲಾಬಿ ಬಣ್ಣದ್ದಾ ನೀಲಿಯದ್ದಾ? ಹುಡುಗಿಯ ತೂಕವನ್ನು ಹುಡುಗರ ನೀಲಿ ಚಾರ್ಟ್‌ನಲ್ಲಿ ಗುರುತಿಸಿದರೆ ಮಗು ಇರುವುದಕ್ಕಿಂತ ಸಣ್ಣ ಕಾಣುತ್ತದೆ.

ಪುಟ್ಟಿ ಅಮ್ಮ:
ಗುಲಾಬಿ ಬಣ್ಣದ್ದೇ. ಎಲ್ಲ ತೂಕವೂ ಆಸ್ಪತ್ರೆಯ ಒಂದೇ ಡಿಜಿಟಲ್ ತಕ್ಕಡಿಯಲ್ಲಿ, ಬಟ್ಟೆ ಇಲ್ಲದೆ.
ಹುಟ್ಟಿದಾಗ 3.1 ಕೆಜಿ, 49 ಸೆಂ.ಮೀ.
3 ತಿಂಗಳು: 5.8 ಕೆಜಿ
6 ತಿಂಗಳು: 7.2 ಕೆಜಿ, 65.5 ಸೆಂ.ಮೀ.
8 ತಿಂಗಳು: 7.3 ಕೆಜಿ
ಮೊನ್ನೆ: 7.4 ಕೆಜಿ, 71 ಸೆಂ.ಮೀ. 10 ತಿಂಗಳು ತುಂಬಿ ನಾಲ್ಕು ದಿನ ಆಗಿತ್ತು. "ಎಷ್ಟು ತಿಂಗಳು?" ಅಂತ ಕೇಳಿದಾಗ ಅತ್ತೆ "ಹನ್ನೊಂದು ನಡೀತಿದೆ" ಅಂದರು. ಚುಕ್ಕಿ 11ರ ಮೇಲೆ ಇದೆ.

ಶಿರಸಿ ಡಾಕ್ಟರ್:
ಅತ್ತೆ ಹೇಳಿದ್ದು ನಮ್ಮ ಊರಿನ ಲೆಕ್ಕಕ್ಕೆ ಸರಿಯೇ. ಆದರೆ ಚಾರ್ಟ್‌ಗೆ ತುಂಬಿದ ತಿಂಗಳು ಬೇಕು, ನಡೆಯುತ್ತಿರುವ ತಿಂಗಳಲ್ಲ. ಚುಕ್ಕಿಯನ್ನು 10ಕ್ಕೆ ತನ್ನಿ. ಆ ವಯಸ್ಸಿನ ಹುಡುಗಿಗೆ 15ರ ಗೆರೆ 7.5 ಕೆಜಿಯಲ್ಲಿದೆ, 3ರ ಗೆರೆ 6.8ರಲ್ಲಿ. ಅಂದರೆ ಮಗು 15ರ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿದ್ದಾಳೆ. ಫೈಲಿನಲ್ಲಿ ಕಂಡಷ್ಟು ಕೆಟ್ಟದಾಗಿಲ್ಲ.

ಆದರೆ ಇಷ್ಟಕ್ಕೇ ಸಮಾಧಾನ ಪಡಬೇಡಿ. ಚುಕ್ಕಿ ಎಲ್ಲಿದೆ ಅನ್ನುವುದನ್ನು ಬಿಟ್ಟು, ಚುಕ್ಕಿಗಳನ್ನು ಸೇರಿಸಿ ಎಳೆದ ಗೆರೆ ಯಾವ ಕಡೆ ಹೋಗುತ್ತಿದೆ ನೋಡಿ. ಹುಟ್ಟಿದಾಗ 50ರ ಹತ್ತಿರ, 3 ತಿಂಗಳಿಗೆ ಸರಿಯಾಗಿ 50, 6ಕ್ಕೆ ಅದರ ಪಕ್ಕದಲ್ಲೇ. ಅಲ್ಲಿವರೆಗೂ ಚಾರ್ಟ್‌ನ ಗೆರೆ ಜೊತೆಗೇ ಏರಿದ್ದಾಳೆ. ಆಮೇಲೆ ಅಡ್ಡಡ್ಡ ಮಲಗಿದೆ. 50ರ ಗೆರೆ 6ರಿಂದ 10 ತಿಂಗಳಿಗೆ 7.3ರಿಂದ 8.5ಕ್ಕೆ ಏರುತ್ತದೆ, ಅಂದರೆ 1.2 ಕೆಜಿ. 15ರ ಗೆರೆ ಹಿಡಿದು ಬೆಳೆಯುವ ಸಣ್ಣ ಮಗುವೂ ಈ ನಾಲ್ಕು ತಿಂಗಳಲ್ಲಿ 1.1 ಕೆಜಿ ಹೆಚ್ಚುತ್ತದೆ. ನಿಮ್ಮ ಮಗಳು ಹೆಚ್ಚಿದ್ದು 200 ಗ್ರಾಂ.

ಹಸಿರು ಪಟ್ಟಿ ಇದನ್ನು ಯಾಕೆ ಹೇಳಲಿಲ್ಲ ಅಂದರೆ, ಆ ಪಟ್ಟಿ ತುಂಬ ಅಗಲ. 10 ತಿಂಗಳ ಹುಡುಗಿಗೆ ಅದು ಸುಮಾರು 6.7 ಕೆಜಿಯಿಂದಲೇ ಶುರುವಾಗುತ್ತದೆ. ಮಗು ಇನ್ನು ಒಂದು ಗ್ರಾಂ ಕೂಡ ಹೆಚ್ಚದೆ 7.4ರಲ್ಲೇ ನಿಂತರೂ 14 ತಿಂಗಳವರೆಗೆ ಹಸಿರಲ್ಲೇ ಕಾಣುತ್ತಾಳೆ. ಟೀಚರ್ ಹೇಳಿದ್ದು ಸುಳ್ಳಲ್ಲ. ಬಣ್ಣ ಇವತ್ತಿನ ಸ್ಥಾನ ಹೇಳುತ್ತದೆ, ದಾರಿ ಹೇಳುವುದಿಲ್ಲ.

ಸೌಮ್ಯ ಅವರೇ, ನಿಮ್ಮ ಮಗನದು ಬೇರೆ. ದೊಡ್ಡದಾಗಿ ಹುಟ್ಟಿದ ಮಗು ಮೊದಲ ತಿಂಗಳುಗಳಲ್ಲಿ ತನ್ನ ಗೆರೆಗೆ ಇಳಿದು, ಮತ್ತೆ ಆ ಗೆರೆ ಹಿಡಿದು ಏರುತ್ತದೆ. ಇಲ್ಲಿ ಮಗು ಯಾವ ಗೆರೆಯನ್ನೂ ಹಿಡಿದಿಲ್ಲ.

ಲೆಸ್ಟರ್ ಕನ್ನಡಿಗ:
ಹಾಗಾದ್ರೆ ಎರಡು ಜಾಗದ ನಿಯಮ ತಪ್ಪಾ ಡಾಕ್ಟ್ರೇ?

ಶಿರಸಿ ಡಾಕ್ಟರ್:
ನಿಯಮ ಸರಿ, ಅದು ನಿಮ್ಮ ಚಾರ್ಟ್‌ಗೆ. ಬ್ರಿಟನ್ನಿನ ಚಾರ್ಟ್‌ನಲ್ಲಿ 0.4ರಿಂದ 99.6ರವರೆಗೆ ಒಂಬತ್ತು ಗೆರೆ, ಹತ್ತಿರ ಹತ್ತಿರ. ಇವರ ಚಾರ್ಟ್‌ನಲ್ಲಿ ಐದೇ, 50 ಮತ್ತು 15ರ ನಡುವಿನ ಜಾಗವೇ ನಿಮ್ಮ ಒಂದೂವರೆ ಜಾಗದಷ್ಟು. ಇಲ್ಲಿ ಎರಡು ಜಾಗ ಇಳಿಯಲಿ ಅಂತ ಕಾದರೆ ಮಗು 3ರ ಗೆರೆಗೆ ಮುಟ್ಟಿರುತ್ತದೆ.

ಇನ್ನೊಂದು ವಿಷಯ. ಉದ್ದ ಇನ್ನೂ 50ರ ಹತ್ತಿರವೇ ಏರುತ್ತಿದೆ. ತೂಕ ಮೊದಲು ನಿಂತು ಉದ್ದ ಸಾಗುತ್ತಿದ್ದರೆ ಸಾಮಾನ್ಯವಾಗಿ ಹೊಟ್ಟೆಗೆ ಹೋಗುವುದು ಸಾಲುತ್ತಿಲ್ಲ ಅಂತ. ಉದ್ದವೇ ಮೊದಲು ನಿಂತಿದ್ದರೆ ಥೈರಾಯ್ಡ್‌ನಂಥ ಕಾರಣ ಮೊದಲು ಹುಡುಕುತ್ತಿದ್ದೆ. 6 ತಿಂಗಳ ಆಸುಪಾಸಿನಲ್ಲಿ ಮನೆಯಲ್ಲಿ ಏನು ಬದಲಾಯಿತು?

ಪುಟ್ಟಿ ಅಮ್ಮ:
ನಾನು ಕೆಲಸಕ್ಕೆ ಮರಳಿದೆ. ಹಗಲು ಎದೆಹಾಲು ಇಲ್ಲ, ರಾತ್ರಿ ಮಾತ್ರ. ಹಗಲಿಗೆ ಎರಡು ಸಲ ರಾಗಿ ಸರಿ, ಮಧ್ಯೆ ಬೇಳೆ ಕಟ್ಟು. ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಅತ್ತೆ ಸರಿಯನ್ನು ಬಾಟಲಿಯಲ್ಲಿ ಇಳಿಯುವಷ್ಟು ತೆಳ್ಳಗೆ ಮಾಡ್ತಾರೆ.

ಶಿರಸಿ ಡಾಕ್ಟರ್:
ಹೆಚ್ಚಿನ ಮಟ್ಟಿಗೆ ಕಾರಣ ಇಲ್ಲೇ ಇರಬಹುದು. ತೆಳ್ಳಗಿನ ಸರಿಯಲ್ಲಿ ನೀರೇ ಜಾಸ್ತಿ, ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಚಮಚ ಓರೆ ಮಾಡಿದರೆ ಸುರಿಯದಷ್ಟು ಗಟ್ಟಿ ಇರಲಿ, ಒಂದು ಚಮಚ ತುಪ್ಪ ಹಾಕಿ. ಕಟ್ಟಿನ ಬದಲು ಅನ್ನದ ಜೊತೆ ಮಸೆದ ಬೇಳೆಯನ್ನೇ ಕೊಡಿ. ಮೊಟ್ಟೆ ತಿನ್ನುವ ಮನೆಯಾದರೆ ಪೂರ್ತಿ ಬೆಂದ ಮೊಟ್ಟೆ ಕೊಡಿ. ಈ ವಯಸ್ಸಿಗೆ ದಿನಕ್ಕೆ ಮೂರು ನಾಲ್ಕು ಊಟ ಬೇಕು, ಪ್ರತಿ ಸಲ ಅರ್ಧ ಕಪ್. ಬಾಟಲಿ ಬಿಡಿಸಿ. ನೀವು ಮನೆಯಲ್ಲಿರುವಾಗ ಎದೆಹಾಲು ಮುಂದುವರಿಯಲಿ.

ಊಟವೇ ಕಾರಣ ಅಂತ ನಾನು ಇಲ್ಲಿ ಕೂತು ತೀರ್ಮಾನ ಮಾಡಲಾರೆ. ಮೂತ್ರದ ಸೋಂಕು ಕೆಲವು ಸಲ ಜ್ವರವಿಲ್ಲದೆ ಹೀಗೇ ತೂಕ ನಿಲ್ಲಿಸುತ್ತದೆ, ರಕ್ತಹೀನತೆ ಹಸಿವು ಕೊಲ್ಲುತ್ತದೆ. ಈ ವಾರವೇ ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ. ಮತ್ತೆ ಮತ್ತೆ ವಾಂತಿ, ಬಿಡದ ಭೇದಿ, ಹಾಲು ಕುಡಿಯುವಾಗ ಬೆವರು, ಏದುಸಿರು ಇದ್ದರೆ ಒಂದು ದಿನವೂ ಕಾಯಬೇಡಿ. ತೂಕವನ್ನು ಎರಡು ವಾರಕ್ಕೊಮ್ಮೆ ನೋಡಿ, ದಿನಾ ಬೇಡ. ಒಂದು ಸಲ ಮೂತ್ರ ಹೋದರೂ ಅಂಕಿ ಬದಲಾಗುತ್ತದೆ.

ಅಂಗನವಾಡಿ ಮಂಡ್ಯ:
ನಾನೂ ಟೀಚರ್. ನಮ್ಮ ನೇತಾಡುವ ತಕ್ಕಡಿಯಲ್ಲಿ 100 ಗ್ರಾಂಗೆ ಒಂದು ಗೆರೆ. ಮಗು ಒದ್ದಾಡಿದರೆ ಮುಳ್ಳು ನಿಲ್ಲುವುದೇ ಇಲ್ಲ. ಬಣ್ಣ ಬಿಟ್ಟು ದಾರಿ ನೋಡು ಅಂದರೆ ಅದನ್ನು ಹೇಗೆ ನಂಬೋದು ಸರ್?

ಶಿರಸಿ ಡಾಕ್ಟರ್:
ಒಂದು ತಿಂಗಳ ವ್ಯತ್ಯಾಸವನ್ನು ಆ ತಕ್ಕಡಿಯಲ್ಲಿ ನಂಬಬೇಡಿ ಮೇಡಂ. ಪ್ರತಿ ಸಲ ಮೊದಲು ಖಾಲಿ ಜೋಲಿ ಹಾಕಿ ಸೊನ್ನೆಗೆ ತನ್ನಿ. ಸತತ ಮೂರು ಚುಕ್ಕಿ ಅಡ್ಡ ಮಲಗಿದರೆ ಹಸಿರಲ್ಲಿದ್ದರೂ ಆಸ್ಪತ್ರೆಗೆ ಕಳಿಸಿ. ಎರಡೇ ಚುಕ್ಕಿಗೆ ಕಳಿಸಬೇಕೋ ಬೇಡವೋ ಅನ್ನುವುದರಲ್ಲಿ ನಮ್ಮ ಡಾಕ್ಟರುಗಳಲ್ಲೇ ಒಂದು ಮಾತಿಲ್ಲ.

ಪುಟ್ಟಿ ಅಮ್ಮ:
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಅದೇ ತಕ್ಕಡಿಯಲ್ಲಿ 7.55 ಕೆಜಿ. ಹಿಮೋಗ್ಲೋಬಿನ್ 9.2 ಬಂತು, ಕಬ್ಬಿಣದ ಡ್ರಾಪ್ಸ್ ಕೊಟ್ಟಿದ್ದಾರೆ. ಮೂತ್ರದ ಕಲ್ಚರ್ ರಿಪೋರ್ಟ್ ಇನ್ನೂ ಬಂದಿಲ್ಲ. ಅತ್ತೆ ಗಟ್ಟಿ ಸರಿಗೆ ಒಪ್ಪಿದ್ದಾರೆ, ಬಾಟಲಿ ಬಿಡಿಸುವುದಕ್ಕೆ ಇನ್ನೂ ಒಪ್ಪಿಲ್ಲ.

ಶಿರಸಿ ಡಾಕ್ಟರ್:
150 ಗ್ರಾಂ ಒಳ್ಳೆಯದೇ, ಆದರೆ ಒಂದು ತೂಕ ನೋಡಿ ಏನೂ ಹೇಳಲಾಗದು. ಇನ್ನೆರಡು ಚುಕ್ಕಿ ಬೀಳಲಿ. ಕಲ್ಚರ್ ಬಂದ ಮೇಲೆ ಇಲ್ಲಿ ಹಾಕಿ.