ಅಪ್‌ಡೇಟ್: ಕೆಂಪು ಚೀಲದ ಬಿಳಿ ವಜ್ರಗಳು

ನಾನು ಕೇಳಿದ್ದು: "ಸಿಂಗಲ್ ಕ್ರೋಶಾದಲ್ಲಿ ಕೆಂಪು ಚೀಲ ಹಾಕುತ್ತಿದ್ದೇನೆ. ಅದರ ಮೇಲಿನ ಬಿಳಿ ವಜ್ರಾಕಾರದ ಅಂಚು ಮಸುಕಾಗಿದೆ, ಕೆಂಪು ಹೊಲಿಗೆಗಳ ಒಳಗೆ ಸಾಗುವ ಬಿಳಿ ದಾರವೂ ಇಣುಕುತ್ತಿದೆ. ಏನು ಮಾಡಲಿ?"

ನೀವು ಹೇಳಿದ ಹಾಗೆ ಬಿಚ್ಚಿ ಮತ್ತೆ ಹಾಕಿದೆ. ನಾನು ಕೆಂಪು ಹೊಲಿಗೆ ಪೂರ್ತಿ ಮುಗಿಸಿ ಆಮೇಲೆ ಬಿಳಿ ಹಿಡಿಯುತ್ತಿದ್ದೆ. ಅದಕ್ಕೇ ಮೊದಲ ಬಿಳಿ ಹೊಲಿಗೆಯ ತಲೆ ಮೇಲೆ ಕೆಂಪು ಕುಣಿಕೆ ಕೂರುತ್ತಿತ್ತು. ಈಗ ಕಡ್ಡಿಯ ಮೇಲೆ ಕೊನೆಯ ಎರಡು ಕೆಂಪು ಕುಣಿಕೆ ಇರುವಾಗಲೇ ಬಿಳಿ ದಾರ ಎಳೆದು ಮುಗಿಸುತ್ತೇನೆ. ಅಂಚು ಎಷ್ಟು ಚೂಪಾಗಿದೆ ಗೊತ್ತಾ!

ಇಣುಕುವುದು ನಿಂತಿದ್ದು 4 ಮಿ.ಮೀ. ಕಡ್ಡಿ ಬಿಟ್ಟು 3 ಹಿಡಿದ ಮೇಲೆ. ಒಳಗಿನ ದಾರವನ್ನು ಹಿಂದಿನ ಸುತ್ತಿನ ಮೇಲೆ ಮಲಗಿಸಿ, ಆಗಾಗ ಮೆಲ್ಲಗೆ ಎಳೆದು, ಬಟ್ಟೆಯನ್ನು ಅಡ್ಡಕ್ಕೆ ಹಿಗ್ಗಿಸುತ್ತೇನೆ. ಜಾಸ್ತಿ ಎಳೆದ ಒಂದು ಸುತ್ತು ಸುಕ್ಕಾಯಿತು, ಅದನ್ನೂ ಬಿಚ್ಚಿದೆ. ಹಿಂಬದಿಯಲ್ಲಿ ಈಗ ಒಂದೂ ಜೋಲುವ ದಾರ ಇಲ್ಲ.