ಸಿಂಪ್ಲೆಕ್ಸ್ ಟೇಬಲ್: ಉತ್ತರ 22 ಇರಬೇಕು, ನನಗೆ 24 ಬಂತು

ಕೊನೆಬೆಂಚು: ಸರ್, ಲೆಕ್ಕ ಇದು. ಗರಿಷ್ಠ z ಬೇಕು.

```
z = 4x + 3y
2x + y ≤ 10
 x + y ≤ 6
x, y ≥ 0
```

x ಕಾಲಂ ತಗೊಂಡೆ. ರೇಶಿಯೋ 5 ಮತ್ತು 6 ಬಂತು. z ಜಾಸ್ತಿ ಆಗಬೇಕಲ್ಲ, ಅದಕ್ಕೆ 6 ಇರೋ ಸಾಲನ್ನೇ ಆರಿಸಿದೆ. ಒಂದೇ ಹೆಜ್ಜೆಗೆ z ಸಾಲಿನಲ್ಲಿ ಮೈನಸ್ ಎಲ್ಲಾ ಹೋಯ್ತು, z = 24. ಹಿಂದಿನ ಪುಟದಲ್ಲಿ ಉತ್ತರ 22 ಅಂತಿದೆ. ಅಚ್ಚಿನ ತಪ್ಪಾ? ನನ್ನ ಟೇಬಲ್:

```
       x    y   s1   s2 |  ಬಲ
s1     0   -1    1   -2 |  -2
x      1    1    0    1 |   6
z      0    1    0    4 |  24
```

ಪಿವೊಟ್ ಮೇಷ್ಟ್ರು: ಅಚ್ಚು ಸರಿಯಾಗೇ ಇದೆ. ಕೂಡಿ ಕಳೆಯೋದರಲ್ಲಿ ನೀವೂ ತಪ್ಪಿಲ್ಲ. ಬಲಗಡೆಯ ಆ -2 ನೋಡಿ. s1 ಅಂದರೆ ಮೊದಲ ನಿರ್ಬಂಧದಲ್ಲಿ ಇನ್ನೂ ಉಳಿದಿರೋ ಜಾಗ. ಅದು ಮೈನಸ್ ಆಗಿದೆ ಅಂದರೆ ನೀವು ಮಿತಿ ದಾಟಿದ್ದೀರಿ. x = 6 ಹಾಕಿ ನೋಡಿ, 2x = 12. ಮಿತಿ ಇದ್ದದ್ದು 10.

ರೇಶಿಯೋ ಯಾಕೆ ತೆಗೀತೀವಿ ಅನ್ನೋದು ಗೊತ್ತಾದರೆ ಈ ತಪ್ಪು ಮತ್ತೆ ಆಗಲ್ಲ. ಮೊದಲ ಟೇಬಲ್‌ನಲ್ಲಿ y ಸೊನ್ನೆ. x ಅನ್ನು ನಿಧಾನಕ್ಕೆ ಏರಿಸುತ್ತಾ ಹೋಗಿ. s1 = 10 - 2x, s2 = 6 - x. ಎರಡೂ ಇಳಿಯುತ್ತಾ ಬರುತ್ತವೆ. x = 5 ಆದಾಗ s1 ಸೊನ್ನೆ ಮುಟ್ಟುತ್ತದೆ, ಆಗ s2 ಇನ್ನೂ 1 ಇದೆ. ಅಲ್ಲಿಗೆ ನಿಲ್ಲಲೇಬೇಕು. ಮೊದಲು ಸೊನ್ನೆ ಮುಟ್ಟಿದ್ದು ಹೊರಗೆ, x ಒಳಗೆ. ಚಿಕ್ಕ ರೇಶಿಯೋ ಆರಿಸೋದು ಇಷ್ಟಕ್ಕೇ.

ಈಗ ಸರಿಯಾಗಿ ಮಾಡೋಣ. ಶುರುವಿನ ಟೇಬಲ್:

```
       x    y   s1   s2 |  ಬಲ
s1     2    1    1    0 |  10
s2     1    1    0    1 |   6
z     -4   -3    0    0 |   0
```

x ಕಾಲಂ, s1 ಸಾಲು. ಪಿವೊಟ್ 2. ಮೊದಲು ಆ ಸಾಲನ್ನಷ್ಟೇ 2ರಿಂದ ಭಾಗಿಸಿ ಬರೆದುಕೊಳ್ಳಿ. ಆಮೇಲೆ ಆ ಹೊಸ ಸಾಲನ್ನು ಎರಡನೆಯದರಿಂದ ಒಂದು ಸಲ ಕಳೆಯಿರಿ, z ಸಾಲಿಗೆ ನಾಲ್ಕರಷ್ಟು ಕೂಡಿಸಿ. ಹಳೇ ಸಾಲನ್ನೇ ಬಳಸಿಬಿಡೋದು ತುಂಬಾ ಜನ ಮಾಡೋ ತಪ್ಪು.

```
       x    y   s1   s2 |  ಬಲ
x      1   1/2  1/2   0 |   5
s2     0   1/2 -1/2   1 |   1
z      0   -1    2    0 |  20
```

z ಸಾಲಿನಲ್ಲಿ y ಕೆಳಗೆ ಇನ್ನೂ -1 ಇದೆ. ಅಂದರೆ y ಒಂದು ಏರಿದರೆ z ಒಂದು ಏರುತ್ತದೆ. ರೇಶಿಯೋ 5 ÷ 1/2 = 10, 1 ÷ 1/2 = 2. ಚಿಕ್ಕದು 2, ಹಾಗಾಗಿ s2 ಹೊರಗೆ.

```
       x    y   s1   s2 |  ಬಲ
x      1    0    1   -1 |   4
y      0    1   -1    2 |   2
z      0    0    1    2 |  22
```

z ಸಾಲಿನಲ್ಲಿ ಮೈನಸ್ ಇಲ್ಲ, ಬಲಗಡೆಯೂ ಮೈನಸ್ ಇಲ್ಲ. ಎರಡೂ ಬೇಕು, ನೀವು ಒಂದನ್ನೇ ನೋಡಿ ನಿಲ್ಲಿಸಿದ್ದು. x = 4, y = 2, z = 16 + 6 = 22.

ಹೋದವರ್ಷ ಪಾಸ್: ಇನ್ನೊಂದು ಮುಖ್ಯ ವಿಷಯ. z ಸಾಲಿನಲ್ಲಿ ಅತಿ ಹೆಚ್ಚು ಮೈನಸ್ ಇರೋ ಕಾಲಂ ಮಾತ್ರ ತಗೋಬೇಕು. ಇಲ್ಲಿ -4. ಅಪ್ಪಿತಪ್ಪಿ -3 ತಗೊಂಡರೆ ಉತ್ತರ ತಪ್ಪುತ್ತೆ.

ಪಿವೊಟ್ ಮೇಷ್ಟ್ರು: ಅರ್ಧ ಸರಿ. ಆ ರೂಢಿ 1947ರಲ್ಲಿ ಈ ವಿಧಾನ ಕೊಟ್ಟ ಡಾಂಟ್ಸಿಗ್ ಹೆಸರಿನಲ್ಲೇ ಇದೆ, ಪರೀಕ್ಷೆಯಲ್ಲೂ ಅದನ್ನೇ ಕೇಳುತ್ತಾರೆ. ಆದರೆ ಉತ್ತರ ತಪ್ಪಲ್ಲ. ಮೈನಸ್ ಇರೋ ಯಾವ ಕಾಲಂ ಆದರೂ ಆಗುತ್ತದೆ. ಇಲ್ಲೇ y ಮೊದಲು ತಗೊಳ್ಳಿ. ರೇಶಿಯೋ 10 ಮತ್ತು 6, s2 ಹೊರಗೆ:

```
       x    y   s1   s2 |  ಬಲ
s1     1    0    1   -1 |   4
y      1    1    0    1 |   6
z     -1    0    0    3 |  18
```

ಆಮೇಲೆ x, ರೇಶಿಯೋ 4 ಮತ್ತು 6. s1 ಹೊರಗೆ ಹೋದರೆ ಮೇಲಿನ ಕೊನೆಯ ಟೇಬಲ್ಲೇ ಬರುತ್ತದೆ. ಇಲ್ಲೂ ಎರಡೇ ಹೆಜ್ಜೆ, ಅದೂ ಭಿನ್ನರಾಶಿಯ ಕಾಟ ಇಲ್ಲದೆ. ಕೈಯಲ್ಲಿ ಮಾಡುವಾಗ ನಾನು ಪಿವೊಟ್ 1 ಸಿಗೋ ಕಡೆಗೇ ಹೋಗುತ್ತೇನೆ. ಕಾಲಂ ಆಯ್ಕೆಯಲ್ಲಿ ಸ್ವಾತಂತ್ರ್ಯ ಇದೆ, ಸಾಲಿನ ಆಯ್ಕೆಯಲ್ಲಿ ಇಲ್ಲ.

ಟೇಬಲ್ ಟೆನ್ಷನ್: ನಮ್ಮಲ್ಲಿ ಕೆಳಗಿನ ಸಾಲು Cj - Zj ಅಂತ ಬರೀತಾರೆ. ಶುರುವಿನಲ್ಲೇ 4, 3 ಅಂತ ಪ್ಲಸ್ ಇದೆ, ಮೈನಸ್ಸೇ ಇಲ್ಲ. ಹಾಗಾದ್ರೆ ಮೊದಲ ಟೇಬಲ್ಲೇ ಕೊನೆ ಅಲ್ವಾ?

ಪಿವೊಟ್ ಮೇಷ್ಟ್ರು: ಅಲ್ಲ. ನಿಮ್ಮಲ್ಲಿ ಚಿಹ್ನೆ ತಿರುಗಾಮುರುಗಾ. ನೀವು ಅತಿ ದೊಡ್ಡ ಪ್ಲಸ್ ಆರಿಸಿ, ಪ್ಲಸ್ ಯಾವುದೂ ಉಳಿಯದಿದ್ದಾಗ ನಿಲ್ಲಿಸಿ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಒಂದರ ಟೇಬಲ್‌ಗೆ ಇನ್ನೊಂದರ ನಿಯಮ ಹಾಕಬೇಡಿ ಅಷ್ಟೆ. ಅನುಮಾನ ಬಂದರೆ z ಇಳಿಯಿತಾ ನೋಡಿ. ಗರಿಷ್ಠ ಹುಡುಕುವಾಗ z ಒಂದು ಸಲ ಇಳಿದರೂ ಕಾಲಂ ತಪ್ಪು ಅಂತಲೇ ಅರ್ಥ. ಬಲಗಡೆ ಮೈನಸ್ ಬಂದರೆ ಸಾಲು ತಪ್ಪು.

ಕಂಗಾಲು: ನಂದು ಬೇರೆ ಲೆಕ್ಕ. ಪಿವೊಟ್ ಕಾಲಂನಲ್ಲಿ 4, 0, -3. ಬಲಗಡೆ 8, 5, 9. ರೇಶಿಯೋ 2, ಆಮೇಲೆ ಭಾಗಿಸೋಕೇ ಆಗಲ್ಲ, ಆಮೇಲೆ -3. ಚಿಕ್ಕದು -3 ತಾನೇ?

ಪಿವೊಟ್ ಮೇಷ್ಟ್ರು: ರೇಶಿಯೋ ತೆಗೆಯೋದೇ 4ಕ್ಕೆ ಮಾತ್ರ. ಮೇಲಿನ ಹಾಗೇ ಯೋಚಿಸಿ. ಮೂರನೇ ಸಾಲಿನಲ್ಲಿ 9 + 3x ಆಗುತ್ತದೆ, x ಏರಿದಷ್ಟೂ ಅದೂ ಏರುತ್ತದೆ. ಅದು ಎಂದೂ ಸೊನ್ನೆ ಮುಟ್ಟಲ್ಲ, ಹಾಗಾಗಿ ತಡೆಯಲ್ಲ. ಸೊನ್ನೆ ಇರೋ ಸಾಲು 5ರಲ್ಲೇ ನಿಂತಿರುತ್ತದೆ. ಕಾಲಂನಲ್ಲಿ ಒಂದೂ ಪ್ಲಸ್ ಇಲ್ಲದಿದ್ದರೆ ತಡೆಯೋರೇ ಇಲ್ಲ, z ಮಿತಿಯಿಲ್ಲದೆ ಏರುತ್ತದೆ. ಆಗ ಗರಿಷ್ಠ ಇಲ್ಲ ಅಂತ ಬರೆದು ಮುಗಿಸಿ.

ಕೊನೆಬೆಂಚು: ಅರ್ಥ ಆಯ್ತು ಸರ್. ಹಾಗಾದ್ರೆ ನನ್ನ 24ರ ಟೇಬಲ್ ಪೂರ್ತಿ ಹರಿದು ಹಾಕಬೇಕಾ?

ಪಿವೊಟ್ ಮೇಷ್ಟ್ರು: ಈ ಸಲ ಬೇಡ. ನಿಮ್ಮ z ಸಾಲಿನಲ್ಲಿ ಮೈನಸ್ ಇಲ್ಲ, ಬಲಗಡೆ ಮಾತ್ರ ಕೆಟ್ಟಿದೆ. ಇಂಥದಕ್ಕೆ ಡ್ಯುಯಲ್ ಸಿಂಪ್ಲೆಕ್ಸ್ ಇದೆ. ಅಲ್ಲಿ ಸಾಲು ಮೊದಲು, ಕಾಲಂ ಆಮೇಲೆ. -2 ಇರೋ ಸಾಲು ಹಿಡಿಯಿರಿ. ಅದರಲ್ಲಿ ಮೈನಸ್ ಇರೋದು y ಕೆಳಗೆ -1, s2 ಕೆಳಗೆ -2. z ಸಾಲಿನ ಸಂಖ್ಯೆಯನ್ನು ಇವುಗಳಿಂದ ಚಿಹ್ನೆ ಬಿಟ್ಟು ಭಾಗಿಸಿ: 1 ÷ 1 = 1, 4 ÷ 2 = 2. ಚಿಕ್ಕದು y. ಆ -1 ಮೇಲೆ ಪಿವೊಟ್ ಮಾಡಿ, 24 ಇಳಿದು 22 ಆಗುತ್ತದೆ. z ಇಳಿಯೋದು ಸರಿ ಅನ್ನಿಸೋದು ಇಲ್ಲಿ ಮಾತ್ರ. z ಸಾಲಿನಲ್ಲಿ ಇನ್ನೂ ಮೈನಸ್ ಉಳಿದಿದ್ದರೆ ಈ ದಾರಿ ಇರುತ್ತಿರಲಿಲ್ಲ, ಹಿಂದಿನ ಟೇಬಲ್‌ಗೆ ವಾಪಸ್ ಹೋಗಬೇಕಿತ್ತು.

ಹೋದವರ್ಷ ಪಾಸ್: ಎರಡು ರೇಶಿಯೋ ಸಮ ಬಂದರೆ? ಯಾವುದಾದ್ರೂ ಒಂದು ತಗೊಳ್ಳಿ ಅಂತ ನಮಗೆ ಹೇಳಿಕೊಟ್ಟಿದ್ದರು.

ಪಿವೊಟ್ ಮೇಷ್ಟ್ರು: ಸಣ್ಣ ಲೆಕ್ಕಕ್ಕೆ ಸಾಕು. ಆದರೆ ಸಮ ಬಂದರೆ ಮುಂದಿನ ಟೇಬಲ್‌ನಲ್ಲಿ ಬಲಗಡೆ ಒಂದು ಸೊನ್ನೆ ಬರುತ್ತದೆ, ಆಮೇಲೆ z ಏರದೆಯೇ ಹೆಜ್ಜೆ ಇಡಬೇಕಾಗಬಹುದು. ಅಪರೂಪಕ್ಕೆ ಸುತ್ತಿ ಸುತ್ತಿ ಹಳೇ ಟೇಬಲ್‌ಗೇ ಬಂದು ಬೀಳೋದೂ ಉಂಟು. ಅದಕ್ಕೆ 1977ರ ಬ್ಲ್ಯಾಂಡ್ ನಿಯಮ: ಮೈನಸ್ ಇರೋ ಕಾಲಂಗಳಲ್ಲಿ ಕ್ರಮದಲ್ಲಿ ಮೊದಲನೆಯದು, ಸಮ ಬಂದ ಸಾಲುಗಳಲ್ಲೂ ಕ್ರಮದಲ್ಲಿ ಮೊದಲ ಚರ. ಸುತ್ತು ಬೀಳಲ್ಲ, ಆದರೆ ಹೆಜ್ಜೆ ಜಾಸ್ತಿ ಆಗೋದು ಸಾಮಾನ್ಯ.

ಹೋದವರ್ಷ ಪಾಸ್: ಹಾಗಾದ್ರೆ ಎಲ್ಲಕ್ಕಿಂತ ಒಳ್ಳೇ ಕಾಲಂ ನಿಯಮ ಯಾವುದು?

ಪಿವೊಟ್ ಮೇಷ್ಟ್ರು: ಅದು ಇನ್ನೂ ಇತ್ಯರ್ಥ ಆಗಿಲ್ಲ. ಡಾಂಟ್ಸಿಗ್ ನಿಯಮ ಹಿಡಿದರೆ ಹೆಜ್ಜೆಗಳು ವಿಪರೀತ ಬೆಳೆಯುವಂಥ ಲೆಕ್ಕಗಳನ್ನು ಕ್ಲೀ ಮತ್ತು ಮಿಂಟಿ 1972ರಲ್ಲಿ ತೋರಿಸಿದರು. ಯಾವ ಲೆಕ್ಕ ಕೊಟ್ಟರೂ ಹಾಗೆ ಬೆಳೆಯಲ್ಲ ಅಂತ ಸಾಧಿಸಿ ತೋರಿಸಿದ ನಿಯಮ ಇವತ್ತಿಗೂ ಯಾರ ಹತ್ತಿರವೂ ಇಲ್ಲ.

ಟೇಬಲ್ ಟೆನ್ಷನ್: ನನಗೆ ಆ Cj - Zj ಇನ್ನೂ ಪೂರ್ತಿ ತಲೆಗೆ ಹೋಗಿಲ್ಲ. ಇದೇ ಲೆಕ್ಕ ಆ ರೀತಿ ಮಾಡಿ ರಾತ್ರಿ ಹಾಕ್ತೀನಿ, ನೋಡಿ ಸರ್.