ರಾತ್ರಿ ತುರಿಕೆ, ಬಿಳಿ ಚರ್ಮ: ಸ್ಟೀರಾಯ್ಡ್ ಹಚ್ಚಬಹುದೇ?

ಕೇಳಿದವರು: ನನಗೆ 56 ವರ್ಷ, ಮುಟ್ಟು ನಿಂತು ಐದು ವರ್ಷ ಆಯಿತು. ಎರಡು ವರ್ಷದಿಂದ ಕೆಳಗೆ ತುರಿಕೆ, ರಾತ್ರಿ ನಿದ್ದೆಯೇ ಇಲ್ಲ. ಮೆಡಿಕಲ್ ಶಾಪಿನ ಫಂಗಸ್ ಕ್ರೀಮ್ ಹಚ್ಚಿದರೆ ನಾಲ್ಕು ದಿನ ಆರಾಮ, ಮತ್ತೆ ಶುರು. ಈಗ ಡಾಕ್ಟರು ಲೈಕೆನ್ ಸ್ಕ್ಲೆರೋಸಸ್ ಅಂದು ಕ್ಲೋಬೆಟಸಾಲ್ ಅನ್ನೋ ಸ್ಟೀರಾಯ್ಡ್ ಆಯಿಂಟ್‌ಮೆಂಟ್ ಬರೆದಿದ್ದಾರೆ. ಅಂಗಡಿಯವರು "ಆ ಜಾಗಕ್ಕೆ ಬೇಡಮ್ಮ, ಚರ್ಮ ತೆಳುವಾಗುತ್ತೆ" ಅಂದರು. ಏನು ಮಾಡಲಿ?

ಸದಸ್ಯೆ 1: ಅಂಗಡಿಯವರು ಹೇಳಿದ್ದು ಸರಿ. ನಮ್ಮ ನಾದಿನಿ ಮುಖಕ್ಕೆ ಇಂಥದ್ದೇ ಹಚ್ಚಿ ಚರ್ಮ ಹಾಳು ಮಾಡಿಕೊಂಡರು. ಸುಮ್ನೆ ಕೊಬ್ಬರಿ ಎಣ್ಣೆ ಹಚ್ಚಿ.

ಚರ್ಮವೈದ್ಯೆ: ಮುಖದ ವಿಷಯದಲ್ಲಿ ನಿಮ್ಮ ಮಾತು ನಿಜ. ಇಲ್ಲಿ ಹಾಗಲ್ಲ. ಈ ಕಾಯಿಲೆಯೇ ಚರ್ಮವನ್ನು ಈರುಳ್ಳಿ ಸಿಪ್ಪೆಯ ಹಾಗೆ ಬೆಳ್ಳಗೆ, ಸುಕ್ಕುಸುಕ್ಕಾಗಿ ಮಾಡುತ್ತದೆ. ಬಿಟ್ಟರೆ ಒಳತುಟಿಗಳು ಕರಗಿ ಅಂಟಿಕೊಳ್ಳುತ್ತವೆ, ಯೋನಿಯ ಬಾಯಿ ಕಿರಿದಾಗುತ್ತದೆ. ಅದನ್ನು ತಡೆಯುವ ಮುಖ್ಯ ಔಷಧಿಯೇ ಕ್ಲೋಬೆಟಸಾಲ್. ಎಣ್ಣೆ ಒಣಗಿದ್ದಕ್ಕೆ ಹಿತ, ಉರಿಯೂತವನ್ನು ನಿಲ್ಲಿಸದು. ಅಂದ ಹಾಗೆ, ಆ 'ಫಂಗಸ್ ಕ್ರೀಮ್' ಬಹುಶಃ ಸ್ಟೀರಾಯ್ಡ್ ಬೆರೆಸಿದ್ದು. ನಾಲ್ಕು ದಿನದ ಆರಾಮ ಅದರಿಂದಲೇ ಇರಬಹುದು!

ಸಾಮಾನ್ಯವಾಗಿ ಹೀಗೆ ಕೊಡುತ್ತೇವೆ: ಮೊದಲ ತಿಂಗಳು ದಿನಾ ರಾತ್ರಿ ಒಮ್ಮೆ, ಎರಡನೇ ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆ ಎರಡು ಸಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಸಲಕ್ಕೆ ಅಷ್ಟು ಸಾಕು. ಲೆಕ್ಕ ಹಾಕಿ: 30 ಗ್ರಾಂ ಟ್ಯೂಬು ಹೆಚ್ಚುಕಡಿಮೆ ಮೂರು ತಿಂಗಳು ಬರಬೇಕು. ಎರಡು ವಾರಕ್ಕೇ ಮುಗಿದರೆ ಜಾಸ್ತಿ ಹಚ್ಚುತ್ತಿದ್ದೀರಿ, ವರ್ಷವಾದರೂ ಉಳಿದಿದ್ದರೆ ಹೆದರಿ ಬಿಟ್ಟಿದ್ದೀರಿ. ಕನ್ನಡಿ ಹಿಡಿದು ಬೆಳ್ಳಗಾದ ಜಾಗಕ್ಕೆ ಮಾತ್ರ ಹಚ್ಚಿ. ಗುದದ ಸುತ್ತ ಇದ್ದರೆ ಅಲ್ಲಿಗೂ. ಸೋಪು ಬೇಡ.

ಸದಸ್ಯೆ 2: ನನಗೂ ಅಲ್ಲಿ ಬಿಳಿ ಮಚ್ಚೆ ಇದೆ, ತುರಿಕೆ ಇಲ್ಲ. ಇದೇನಾ?

ಚರ್ಮವೈದ್ಯೆ: ಬಣ್ಣ ಹೋಗಿ ಚರ್ಮ ಮಾತ್ರ ಮೆತ್ತಗೆ, ಮೊದಲಿನ ಹಾಗೇ ಇದ್ದರೆ ತೊನ್ನು ಇರಬಹುದು. ತುರಿಕೆ ಇಲ್ಲದೆಯೂ ಲೈಕೆನ್ ಸ್ಕ್ಲೆರೋಸಸ್ ಬರುವುದುಂಟು. ಫೋಟೋ ಹಾಕಬೇಡಿ, ಹೋಗಿ ತೋರಿಸಿ.

ಕೇಳಿದವರು: ನನಗೆ ಬಯಾಪ್ಸಿ ಮಾಡಲೇ ಇಲ್ಲ. ಬರೀ ಲೈಟ್ ಹಾಕಿ ನೋಡಿದರು. ಸಾಕಾ?

ಚರ್ಮವೈದ್ಯೆ: ಲಕ್ಷಣ ಸ್ಪಷ್ಟ ಇದ್ದರೆ ಸಾಕು. ಗಂಟು, ಮಾಗದ ಹುಣ್ಣು, ಗಡುಸಾದ ದಪ್ಪ ಜಾಗ ಕಂಡರೆ ಅಥವಾ ಸರಿಯಾಗಿ ಹಚ್ಚಿಯೂ ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಬಯಾಪ್ಸಿ ಬೇಕು. ಕೆಲವೇ ಜನರಲ್ಲಿ ಕ್ಯಾನ್ಸರ್ ಆಗುವುದುಂಟು, ಆದ್ದರಿಂದ ವರ್ಷಕ್ಕೊಮ್ಮೆ ತೋರಿಸುತ್ತಿರಿ.

ಕೇಳಿದವರು: ತುರಿಕೆ ಹೋದ ಮೇಲೆ ನಿಲ್ಲಿಸಬಹುದಾ?

ಚರ್ಮವೈದ್ಯೆ: ಇದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯ. ಕೆಲವರು ತುರಿಕೆ ಬಂದಾಗ ಮಾತ್ರ ಹಚ್ಚಿ ಅನ್ನುತ್ತಾರೆ. ನಾನು ವಾರಕ್ಕೆ ಒಂದೆರಡು ಸಲ ಮುಂದುವರಿಸಲು ಹೇಳುತ್ತೇನೆ, ಏಕೆಂದರೆ ತುರಿಕೆ ಇಲ್ಲದೆಯೂ ಅಂಟಿಕೊಳ್ಳುವುದು ನಡೆಯುತ್ತಿರುತ್ತದೆ. ಅಂಟಿಕೊಂಡದ್ದು ಮುಲಾಮಿಗೆ ಬಿಡಿಸಿಕೊಳ್ಳುವುದಿಲ್ಲ.

ಕೇಳಿದವರು: ಸರಿ ಮೇಡಂ, ಇವತ್ತು ರಾತ್ರಿಯಿಂದಲೇ ಶುರು ಮಾಡುತ್ತೇನೆ.